ಕಾಫಿಪುಡಿಗೆ ‘ಹೂಮಳೆ’ ಎಂಬ ಹೆಸರು: ಬಿಡುಗಡೆಯ ದಿನ ನಾನು ಆಡಿದ ಮಾತು

ಚಿಕ್ಕಮಗಳೂರಿನ ಒಂದು ಸಣ್ಣ ಸಭಾಂಗಣದಲ್ಲಿ ನಮ್ಮ ತೋಟದ ಕಾಫಿಪುಡಿಯನ್ನು ಬಿಡುಗಡೆ ಮಾಡಿದೆವು. ಫೆಬ್ರವರಿಯ ಕೊನೆ. ಮುಂದಿನ ಸಾಲುಗಳಲ್ಲಿ ಬೆಳೆಗಾರರು, ಅವರ ಹಿಂದೆ ಅಂಗಡಿಯವರು, ನೆಂಟರು, ಬೆಂಗಳೂರಿನಿಂದ ಬಂದ ಸ್ನೇಹಿತರು. ‘ಹೂಮಳೆ’ ಎಂಬ ಹೆಸರು ಹೇಗೆ ಬಂತೆಂದು ಇವರೆಲ್ಲರಿಗೂ ಒಟ್ಟಿಗೆ ಹೇಳಬೇಕಿತ್ತು. ಬೆಳೆಗಾರರಿಗೆ ಹೂಮಳೆಯನ್ನು ವಿವರಿಸಿದರೆ ಅವರು ಬೇಸರಪಡುತ್ತಾರೆ. ವಿವರಿಸದಿದ್ದರೆ ಉಳಿದವರು ಮದುವೆಯ ಅಕ್ಷತೆಯನ್ನೋ ಪುಷ್ಪವೃಷ್ಟಿಯನ್ನೋ ನೆನೆದುಕೊಂಡು ಕುಳಿತಿರುತ್ತಾರೆ.

ಹಾಗಾಗಿ ಸ್ವಾಗತ, ವಂದನೆಗಳನ್ನೆಲ್ಲ ಕೊನೆಗೆ ಇಟ್ಟುಕೊಂಡು, ಅಮ್ಮನ ಮಳೆ ಲೆಕ್ಕದ ಪುಸ್ತಕವನ್ನು ತೆರೆದು ಓದಿದೆ. ಅಮ್ಮ ಪ್ರತಿದಿನ ಬೆಳಿಗ್ಗೆ ಮಳೆಮಾಪಕ ನೋಡಿ ಬರೆದಿಟ್ಟ ಪುಸ್ತಕ ಅದು. ಒಂದು ವರ್ಷದ ಎರಡು ಸಾಲುಗಳನ್ನು ಮಾತ್ರ ಆರಿಸಿದ್ದೆ. ‘ಮಾರ್ಚ್ 19. 38 ಸೆಂಟ್ಸ್. ಹೂಮಳೆ ಸಾಲದು.’ ಮುಂದಿನದು: ‘ಏಪ್ರಿಲ್ 2. 1 ಇಂಚು 12 ಸೆಂಟ್ಸ್. ಹೂಮಳೆ.’

ಮೊದಲ ಸಾಲಿಗೇ ಮುಂದಿನ ಬೆಂಚುಗಳಲ್ಲಿ ಗುಸುಗುಸು ಶುರುವಾಯಿತು. 38 ಸೆಂಟ್ಸ್ ಮಳೆ ಬಿದ್ದ ವರ್ಷ ಏನಾಗಿರುತ್ತದೆಂದು ಅವರಿಗೆ ಗೊತ್ತು. ಹಿಂದಿನವರು ಅವರ ಮುಖ ನೋಡಿ ಕುತೂಹಲಗೊಂಡರು. ಅಲ್ಲಿಂದ ನಾನು ಹಿಂದಿನ ಸಾಲಿನವರನ್ನೇ ನೋಡುತ್ತ ಮಾತಾಡಿದೆ.

ನೂರು ಸೆಂಟ್ಸ್ ಸೇರಿದರೆ ಒಂದು ಇಂಚು, ಅಂದರೆ ಸುಮಾರು 25 ಮಿಲಿಮೀಟರ್. ಚಳಿಗಾಲದ ಒಣಹವೆಯಲ್ಲಿ ಕಾಫಿಯ ಮೊಗ್ಗುಗಳು ಬೆಳವಣಿಗೆ ನಿಲ್ಲಿಸಿ ಗಿಡದಲ್ಲೇ ಕಾದಿರುತ್ತವೆ. ಒಂದು ಇಂಚಿನಷ್ಟು ಮಳೆ ಒಮ್ಮೆಗೇ ಬಿದ್ದರೆ ಎಂಟು-ಹತ್ತು ದಿನಗಳಲ್ಲಿ ತೋಟವಿಡೀ ಬೆಳ್ಳಗೆ ಅರಳುತ್ತದೆ. ಆ ಮಳೆಯೇ ಹೂಮಳೆ. ಅರ್ಧಕ್ಕಿಂತ ಕಡಿಮೆ ಬಿದ್ದರೆ ಮೊಗ್ಗುಗಳಲ್ಲಿ ಕೆಲವು ಅರಳುತ್ತವೆ, ಕೆಲವು ಒಣಗುತ್ತವೆ, ಕೆಲವು ಮುಂದಿನ ಮಳೆಗೆ ಕಾಯುತ್ತವೆ. ಆ ವರ್ಷ ಹಾಗೆಯೇ ಆಯಿತು. ಒಂದೇ ರೆಂಬೆಯಲ್ಲಿ ಹಣ್ಣು, ದೋರೆಗಾಯಿ, ಹಸಿಕಾಯಿ ಮೂರೂ ಇದ್ದವು. ಒಂದೇ ಗಿಡಕ್ಕೆ ಮತ್ತೆ ಮತ್ತೆ ಆಳು ಕಳಿಸಿ ಹಣ್ಣನ್ನಷ್ಟೇ ಕೊಯ್ಯಿಸಬೇಕಾಯಿತು. ಮಾರ್ಚ್‌ನಲ್ಲಿ ಅಮ್ಮ ಬರೆದ ‘ಸಾಲದು’ ಎಂಬ ಮಾತಿನ ಬೆಲೆಯನ್ನು ನಾವು ಡಿಸೆಂಬರ್‌ನಲ್ಲಿ ಕೂಲಿಯ ರೂಪದಲ್ಲಿ ತೆತ್ತೆವು.

ಇಷ್ಟು ಹೇಳಿದ ಮೇಲೆಯೇ ಪೊಟ್ಟಣವನ್ನು ಕೈಗೆತ್ತಿಕೊಂಡೆ. ಈ ಅನುಕ್ರಮಕ್ಕೆ ಕಾರಣವಿದೆ. ಪೊಟ್ಟಣ ಮೊದಲೇ ಮೇಜಿನ ಮೇಲಿದ್ದರೆ ಜನ ಬಣ್ಣ, ಬೆಲೆ ನೋಡುತ್ತಿರುತ್ತಾರೆ, ಕಥೆ ಕಿವಿಗೆ ಬೀಳುವುದಿಲ್ಲ. ಪೊಟ್ಟಣದ ಹಿಂಬದಿಯಲ್ಲಿ ನಾವು ಎರಡು ವಿವರ ಅಚ್ಚು ಮಾಡಿಸಿದ್ದೆವು: ಈ ಫಸಲಿಗೆ ಹೂಮಳೆ ಬಿದ್ದ ತಾರೀಖು, ಅಂದಿನ ಸೆಂಟ್ಸ್. ಅವನ್ನು ಓದಿ ಹೇಳಿದೆ. ಹೆಸರಿನ ಕಥೆ ಪೊಟ್ಟಣದ ಮೇಲೆ ಎಲ್ಲಿಯಾದರೂ ಕಾಣಿಸದಿದ್ದರೆ ಅದು ವೇದಿಕೆಯಲ್ಲೇ ಉಳಿದುಬಿಡುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಂಗಡಿಯವರು ನನ್ನ ಭಾಷಣವನ್ನು ಗಿರಾಕಿಗೆ ಒಪ್ಪಿಸುವುದಿಲ್ಲ. ಪೊಟ್ಟಣ ತಿರುಗಿಸಿ ತಾರೀಖು ತೋರಿಸುತ್ತಾರೆ.

ಬರೆಯುವಾಗ ಎರಡು ಮಾತುಗಳನ್ನು ಬೇಕೆಂದೇ ಬಿಟ್ಟೆ. ಒಳ್ಳೆಯ ಹೂಮಳೆಯಿಂದ ಕಾಫಿಯ ರುಚಿ ಹೆಚ್ಚುತ್ತದೆ ಎಂದು ಸ್ನೇಹಿತರೊಬ್ಬರು ಸೇರಿಸಲು ಹೇಳಿದ್ದರು. ಕೇಳಲು ಚೆನ್ನಾಗಿದೆ, ಆದರೆ ಆ ಮಳೆ ನಿರ್ಧರಿಸುವುದು ಹೂವು ಎಷ್ಟು, ಎಷ್ಟು ಸಮನಾಗಿ ಅರಳುತ್ತದೆ ಎಂಬುದನ್ನು. ರುಚಿ ಬರುವುದು ಹಣ್ಣನ್ನೇ ಆರಿಸಿ ಕೊಯ್ಯುವುದರಿಂದ, ಸರಿಯಾಗಿ ಒಣಗಿಸುವುದರಿಂದ, ಹುರಿಯುವುದರಿಂದ. ಮುಂದೆ ಕುಳಿತ ಬೆಳೆಗಾರರ ಎದುರು ಒಂದು ಮಾತು ಹುಸಿಯಾದರೆ ಅಮ್ಮನ ಪುಸ್ತಕದ ಮೇಲಿನ ನಂಬಿಕೆಯೂ ಹೋಗುತ್ತದೆ. ಎರಡನೆಯದು, ‘ನಮ್ಮ ನೋಂದಾಯಿತ ಹೆಸರು’ ಎಂಬ ಮಾತು. ಟ್ರೇಡ್‌ಮಾರ್ಕ್‌ಗೆ ಅರ್ಜಿ ಹಾಕಿದ್ದೆವು ಅಷ್ಟೇ. ನೋಂದಣಿಯಾಗದ ಹೆಸರನ್ನು ನೋಂದಾಯಿತ ಎಂದು ಹೇಳಿಕೊಳ್ಳುವುದು 1999ರ ಟ್ರೇಡ್‌ಮಾರ್ಕ್ ಕಾಯ್ದೆಗೆ ವಿರುದ್ಧ.

ಕೊನೆಯಲ್ಲಿ ಅಮ್ಮನಿಗೂ ಕೊಯ್ಲಿನ ಆಳುಗಳಿಗೂ ವಂದನೆ ಹೇಳಿ, ಪ್ರಶ್ನೆಗಳಿದ್ದರೆ ಕೇಳಿ ಎಂದೆ. ಮುಂದಿನ ಸಾಲಿನ ಹಿರಿಯ ಬೆಳೆಗಾರರೊಬ್ಬರು ಎದ್ದು ನಿಂತರು. “ನಿಮ್ಮ ರೊಬಸ್ಟಾ ಪುಡಿಗೂ ಇದೇ ಹೆಸರು ಇಡುತ್ತೀರೇನಪ್ಪಾ?”

“ಇಲ್ಲ ಗೌಡರೇ,” ಎಂದೆ. “ನಮ್ಮ ರೊಬಸ್ಟಾಕ್ಕೆ ನಾವು ಮಳೆಗೆ ಮೊದಲೇ ಸ್ಪ್ರಿಂಕ್ಲರ್ ಹಾಕಿ ಹೂ ಬಿಡಿಸುತ್ತೇವೆ. ಅದಕ್ಕೆ ಈ ಹೆಸರು ಸಲ್ಲುವುದಿಲ್ಲ. ಇದು ಅರೇಬಿಕಾಕ್ಕೆ ಮಾತ್ರ.”

ಅವರು ತಲೆಯಾಡಿಸಿ ಪೊಟ್ಟಣ ಕೇಳಿ ತರಿಸಿಕೊಂಡು, ಹಿಂಬದಿಯ ತಾರೀಖು ನೋಡಿ, ಅಂದು ತಮ್ಮ ತೋಟದಲ್ಲಿ ಬಿದ್ದದ್ದು ಎಂಬತ್ತೇ ಸೆಂಟ್ಸ್ ಎಂದು ಪಕ್ಕದವರಿಗೆ ಹೇಳತೊಡಗಿದರು.