ನಮ್ಮ ಹೋಂಸ್ಟೇ ಫೀಡ್‌ಬ್ಯಾಕ್ ಕಾರ್ಡ್ ಮತ್ತು ಬಿಸಿನೀರಿನ ಕಥೆ

ಸಕಲೇಶಪುರದ ಹತ್ರ ನಮ್ದು ಆರು ರೂಮಿನ ಹೋಂಸ್ಟೇ. ರೆಡಿಮೇಡ್ ಕಾರ್ಡ್‌ಗಳಲ್ಲಿ ಊಟ, ಕ್ಲೀನಿಂಗ್, ಸರ್ವಿಸ್ ಅಂತ ಸಾಲು, ಪಕ್ಕದಲ್ಲಿ ಐದು ಸ್ಟಾರ್ ಇರತ್ತೆ. ಹೊರಡೋ ಹೊತ್ತಲ್ಲಿ ಕೈಗೆ ಕೊಟ್ಟು ಎದುರಿಗೇ ನಿಂತ್ರೆ ಯಾರು ತಾನೇ ಎರಡು ಸ್ಟಾರ್ ಹಾಕ್ತಾರೆ, ದಾಕ್ಷಿಣ್ಯಕ್ಕೆ ನಾಲ್ಕೋ ಐದೋ ಹಾಕಿ ಕಾರ್ ಹತ್ತತಾರೆ. ಇನ್ನು ಮೂರೇ ಹಾಕಿದ್ರು ಅಂತಿಟ್ಕೊಳಿ, ಯಾಕೆ ಅಂತ ಹೆಂಗೆ ಗೊತ್ತಾಗ್ಬೇಕು?

ಅದಕ್ಕೇ ನಾನು ಎರಡೇ ಪ್ರಶ್ನೆ ಇಟ್ಟೆ. "ಯಾವುದಕ್ಕೆ ಕಾಯ್ಬೇಕಾಯ್ತು, ಎಷ್ಟೊತ್ತಿಗೆ?" "ಒಂದೇ ಒಂದು ಸರಿ ಮಾಡಿ ಅಂದ್ರೆ ಏನು ಹೇಳ್ತೀರಿ?" ಕೆಳಗೆ ಖಾಲಿ ಗೆರೆ. ಹೆಸರು, ಫೋನ್ ನಂಬರ್ ಕೇಳಲ್ಲ. ರೂಮ್ ನಂಬರ್, ತಾರೀಖು ಮಾತ್ರ ನಾವೇ ಮೊದ್ಲೇ ಬರೆದು ಹಿಂದಿನ ರಾತ್ರಿನೇ ಪೆನ್ ಸಮೇತ ಟೇಬಲ್ ಮೇಲೆ ಇಡ್ತೀವಿ, ಬರೆದವ್ರು ಊಟದ ಹಾಲ್‌ನಲ್ಲಿರೋ ಡಬ್ಬಿಗೆ ಹಾಕಿ ಹೋಗ್ತಾರೆ.

ಓದೋದಕ್ಕೆ ಒಂದು ನೋಟ್‌ಬುಕ್ ಸಾಕು. ಏನು, ಯಾವ ರೂಮು, ಎಷ್ಟೊತ್ತಿಗೆ, ಇಷ್ಟೇ ಕಾಲಂ. ಒಂದು ಕಾರ್ಡಲ್ಲಿ ಎರಡು ದೂರಿದ್ರೆ ಎರಡು ಸಾಲು. "ಊಟ ಸೂಪರ್, ಆದ್ರೆ ಬೆಳಿಗ್ಗೆ ನೀರು..." ಅನ್ನೋದನ್ನ ಹೊಗಳಿಕೆ ಅಂತ ಪಕ್ಕಕ್ಕಿಡೋ ಹಾಗಿಲ್ಲ. ಖಾರ ಜಾಸ್ತಿ ಅಂತ ಒಬ್ರು, ಸಪ್ಪೆ ಅಂತ ಇನ್ನೊಬ್ರು ಬರೆದ್ರೆ ಅದು ಅವರವರ ನಾಲಿಗೆ, ನಾನು ತಲೆ ಕೆಡಿಸ್ಕೊಳಲ್ಲ.

ಬಿಸಿನೀರು ಬರಲ್ಲ ಅಂತ ಪದೇ ಪದೇ ಬರ್ತಿತ್ತು. ನಮ್ಮನೆಯವ್ರು "ಮಳೆಗಾಲ ಅಲ್ವಾ, ಸೋಲಾರ್ ಹಂಗೇ" ಅಂದ್ರು. ಆದ್ರೆ ನೋಟ್‌ಬುಕ್ ನೋಡಿದ್ರೆ ಬಿಸಿಲಿರೋ ತಿಂಗಳಲ್ಲೂ ಅದೇ ದೂರು, ಅದೂ ಐದು, ಆರನೇ ರೂಮಿಂದ, ಬೆಳಿಗ್ಗೆ ಮೊದಲ ಸ್ನಾನಕ್ಕೆ. ಆ ರೂಮುಗಳೇ ಜಾಸ್ತಿ ಬುಕ್ ಆಗ್ತಾವಾ ಅಂತ ರಿಜಿಸ್ಟರ್ ಜೊತೆ ಹೋಲಿಸಿದೆ, ಇಲ್ಲ, ಒಂದನೇ ರೂಮೇ ಹೆಚ್ಚು ತುಂಬೋದು, ಅಲ್ಲಿಂದ ಒಂದೂ ದೂರಿಲ್ಲ.

ಬೆಳಿಗ್ಗೆ ಬೇಗ ಹೋಗಿ ಆರನೇ ರೂಮಲ್ಲಿ ನಲ್ಲಿ ಕೆಳಗೆ ಬಕೆಟ್ ಇಟ್ಟೆ. ಸುಮಾರು ಕಾಲು ಬಕೆಟ್ ತಣ್ಣೀರು ಬಂದ್ಮೇಲೆ ಬಿಸಿ ಶುರುವಾಯ್ತು. ಟ್ಯಾಂಕ್ ಒಂದನೇ ರೂಮಿನ ಮೇಲಿದೆ, ಅಲ್ಲಿಂದ ಈ ತುದಿವರೆಗೂ ಪೈಪಲ್ಲಿ ರಾತ್ರಿಯಿಡೀ ನಿಂತ ನೀರು ತಣ್ಣಗಾಗಿರತ್ತೆ, ಪ್ರೆಶರ್ರೂ ಕಮ್ಮಿ. ಗೆಸ್ಟ್ ಒಂದ್ನಿಮಿಷ ನೋಡಿ ನಲ್ಲಿ ನಿಲ್ಲಿಸ್ತಾರೆ. ಪ್ಲಂಬರ್ ಪೈಪಿಗೆ ಫೋಮ್ ಸುತ್ತೋಣ ಅಂದ, ಆದ್ರೆ ಅದು ಒಬ್ರ ಹಿಂದೆ ಒಬ್ರು ಸ್ನಾನ ಮಾಡೋವಾಗ ಉಪಯೋಗ, ರಾತ್ರಿಯಿಡೀ ನಿಂತ ನೀರಿಗೆ ಏನೂ ಮಾಡಲ್ಲ. ಕೊನೆಗೆ ಆ ಎರಡು ರೂಮಿಗೆ ಚಿಕ್ಕ ಇನ್‌ಸ್ಟಂಟ್ ಗೀಸರ್ ಹಾಕಿಸಿದ್ವಿ.

ಈಗ ಆ ಎರಡು ರೂಮಿನ ಸಾಲಲ್ಲಿ ಬಿಸಿನೀರು ಕಾಣಲ್ಲ, ಕರೆಂಟ್ ಹೋದ ದಿನ ಬಿಟ್ಟು. ಸದ್ಯ ಜಾಸ್ತಿ ಬರ್ತಿರೋದು ಭಾನುವಾರದ ತಿಂಡಿ ಲೇಟು ಅಂತ, ಅದು ಒಂದು ರೂಮಿಂದಲ್ಲ, ಆರೂ ರೂಮಿಂದ, ಹಾಗಾಗಿ ಈ ಸಲ ಅಡುಗೆಮನೆ ಕಡೆ ನೋಡ್ತಿದೀನಿ.