ಅಕೌಂಟೆಂಟ್ ಆಯ್ಕೆಗೆ ಸ್ಕಿಲ್ ಮ್ಯಾಟ್ರಿಕ್ಸ್: ಮಾಡುವುದು ಹೇಗೆ?

ಕಳೆದ ವರ್ಷ ಪೀಣ್ಯದ ಒಂದು ಸಣ್ಣ ಮಷೀನ್ ಶಾಪ್‌ನ ಮಾಲೀಕರು, ಅಕೌಂಟೆಂಟ್ ಹುದ್ದೆಯ ಸಂದರ್ಶನಕ್ಕೆ ತಮ್ಮ ಜೊತೆ ಕೂರಲು ನನ್ನನ್ನು ಕರೆದಿದ್ದರು. ಅದಕ್ಕೂ ಮುಂಚೆ ಎರಡು ವರ್ಷದಲ್ಲಿ ಇಬ್ಬರು ಬಂದು ಹೋಗಿದ್ದರು. ಮೊದಲನೆಯವರು ಚೆನ್ನಾಗಿ ಮಾತಾಡುತ್ತಿದ್ದರು, ಟ್ಯಾಲಿಯಲ್ಲಿ ಕೈ ಓಡುತ್ತಿತ್ತು. ಆದರೆ ನಾಲ್ಕು ತಿಂಗಳು ಖರೀದಿ ಲೆಡ್ಜರ್‌ನಲ್ಲಿದ್ದ ತೆರಿಗೆಯನ್ನೆಲ್ಲ ಹಾಗೆಯೇ ಕ್ರೆಡಿಟ್ ತೆಗೆದುಕೊಂಡು, ಕೊನೆಗೆ ಬಡ್ಡಿ ಸಮೇತ ವಾಪಸ್ ಕಟ್ಟಬೇಕಾಯಿತು. ಎರಡನೆಯವರಿಗೆ ಜಿಎಸ್‌ಟಿ ಬರುತ್ತಿತ್ತು, ಬ್ಯಾಂಕ್ ಲೆಕ್ಕ ಮಾತ್ರ ಆರು ತಿಂಗಳು ಕೂಡಿಸಿರಲಿಲ್ಲ. ಎರಡು ಸಲವೂ ಆಯ್ಕೆ ನಡೆದದ್ದು ಅರ್ಧ ಗಂಟೆಯ ಮಾತುಕತೆಯ ಮೇಲೆ.

ಈ ಸಲ ಮೊದಲು ಸ್ಕಿಲ್ ಮ್ಯಾಟ್ರಿಕ್ಸ್ ಎಂಬ ಪಟ್ಟಿ ಮಾಡೋಣ ಎಂದೆ. ಕೆಲಸಗಳು ಅಡ್ಡಸಾಲಿನಲ್ಲಿ, ಅಭ್ಯರ್ಥಿಗಳು ಕಂಬಸಾಲಿನಲ್ಲಿ, ಪ್ರತಿ ಮನೆಯಲ್ಲಿ ಒಂದು ಅಂಕ. ಎಕ್ಸೆಲ್‌ನಲ್ಲಿ ಹತ್ತು ನಿಮಿಷದ ಕೆಲಸ. ಎಲ್ಲರೂ ಎಡವುವುದು ಅಡ್ಡಸಾಲಿನಲ್ಲಿ ಏನು ಬರೆಯಬೇಕು, ಅಂಕಕ್ಕೆ ಅರ್ಥವೇನು ಎಂಬಲ್ಲಿ.

1. ಜಾಹೀರಾತು ಬದಿಗಿಡಿ, ಕ್ಯಾಲೆಂಡರ್ ತೆರೆಯಿರಿ

ಇಂಟರ್ನೆಟ್‌ನಿಂದ ಇಳಿಸಿಕೊಂಡ ಸಿದ್ಧ ಪಟ್ಟಿಗಳನ್ನು ದಯವಿಟ್ಟು ಬಳಸಬೇಡಿ. ನಲವತ್ತು ಸಾಲು ಇರುತ್ತವೆ. ಅದರಲ್ಲಿ ಅರ್ಧ ‘ನಾಯಕತ್ವ’, ‘ತಂಡದಲ್ಲಿ ಬೆರೆಯುವ ಗುಣ’ ಎಂಬಂಥವು. ಅವುಗಳಿಗೆ ಅಂಕ ಕೊಡುವಾಗ ನಾವು ನಿಜಕ್ಕೂ ಕೊಡುತ್ತಿರುವುದು ಆ ವ್ಯಕ್ತಿ ನಮಗೆ ಹಿಡಿಸಿದ್ದಕ್ಕೆ.

ನಿಮ್ಮ ಕಚೇರಿಯ ಒಂದು ತಿಂಗಳನ್ನು ದಿನಾಂಕದ ಪ್ರಕಾರ ಬರೆದುಕೊಳ್ಳಿ. ಈ ಮಷೀನ್ ಶಾಪ್‌ನವರು ಜಿಎಸ್‌ಟಿ ರಿಟರ್ನ್ ತಿಂಗಳಿಗೊಮ್ಮೆ ಸಲ್ಲಿಸುವವರು. 7ಕ್ಕೆ ಟಿಡಿಎಸ್ ಕಟ್ಟಬೇಕು. 11ರೊಳಗೆ ಮಾರಾಟದ ಬಿಲ್ಲುಗಳ ರಿಟರ್ನ್ ಆದ ಜಿಎಸ್‌ಟಿಆರ್-1 ಹೋಗಬೇಕು. ತಪ್ಪಿದರೆ ಇವರ ಬಿಲ್ಲು ಗಿರಾಕಿಯ ಆ ತಿಂಗಳ 2ಬಿಯಲ್ಲಿ, ಅಂದರೆ ಪೋರ್ಟಲ್ ತಾನೇ ತಯಾರಿಸುವ ಖರೀದಿ ತೆರಿಗೆಯ ಪಟ್ಟಿಯಲ್ಲಿ ಕಾಣುವುದಿಲ್ಲ, ಗಿರಾಕಿ ದುಡ್ಡು ತಡೆಹಿಡಿಯುತ್ತಾನೆ. 14ಕ್ಕೆ ಇವರದೇ 2ಬಿ ಬರುತ್ತದೆ, ಅದನ್ನು ಖರೀದಿ ಬಿಲ್ಲುಗಳ ಜೊತೆ ತಾಳೆ ನೋಡಬೇಕು. 15ಕ್ಕೆ ಪಿಎಫ್ ಮತ್ತು ಇಎಸ್ಐ, 20ಕ್ಕೆ ತೆರಿಗೆ ಕಟ್ಟುವ ರಿಟರ್ನ್ ಆದ 3ಬಿ. ಇದರ ನಡುವೆ ಪ್ಲೇಟಿಂಗ್‌ಗೆ ಹೊರಗೆ ಕಳಿಸಿದ ಮಾಲಿನ ಚಲನ್‌ಗಳು. ಕಚ್ಚಾ ಮಾಲು ಜಾಬ್ ವರ್ಕ್‌ಗೆ ಹೋದರೆ ಒಂದು ವರ್ಷದೊಳಗೆ ವಾಪಸ್ ಬರಬೇಕು, ಬಾರದಿದ್ದರೆ ಕಳಿಸಿದ ದಿನವೇ ಮಾರಾಟವಾಯಿತೆಂದು ತೆರಿಗೆ ಬೀಳುತ್ತದೆ. ಇದನ್ನು ನೋಡಿಕೊಳ್ಳುವವರು ಅಕೌಂಟೆಂಟೇ.

ಆಮೇಲೆ ಪ್ರತಿ ಸಾಲಿನ ಮುಂದೆ ಒಂದು ಪ್ರಶ್ನೆ ಕೇಳಿ: ಇದನ್ನು ಈಗ ನಿಜವಾಗಿ ಮಾಡುತ್ತಿರುವವರು ಯಾರು? ಪೀಣ್ಯದ ಮಾಲೀಕರು ‘ಟಿಡಿಎಸ್ ರಿಟರ್ನ್ ಗೊತ್ತಿರಲೇಬೇಕು’ ಎಂದು ಪಟ್ಟು ಹಿಡಿದಿದ್ದರು. ವಿಚಾರಿಸಿದರೆ ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವುದು ಆಡಿಟರ್ ಕಚೇರಿಯವರು. ಅಕೌಂಟೆಂಟ್ ಮಾಡಬೇಕಾದ್ದು ಸರಿಯಾದ ದರದಲ್ಲಿ ಕಡಿತ ಮಾಡಿ, ಹಣ ಕಟ್ಟಿ, ಪಟ್ಟಿ ಕಳಿಸುವುದು. ಹಾಗಾಗಿ ಅದರ ತೂಕ ಕಮ್ಮಿಯಾಯಿತು. ಮಾಲೀಕರ ಪಟ್ಟಿಯಲ್ಲಿದ್ದ ‘ಇಂಗ್ಲಿಷ್ ಸಂಭಾಷಣೆ’ಯನ್ನೂ ತೆಗೆಸಿದೆ. ಆ ಕುರ್ಚಿಯಲ್ಲಿ ಕೂತವರು ದಿನಕ್ಕೆ ಮಾತಾಡುವುದು ಸ್ಟೋರ್ಸ್‌ನವರ ಜೊತೆ, ಪ್ಲೇಟಿಂಗ್‌ನವರ ಜೊತೆ, ಆಡಿಟರ್ ಕಚೇರಿಯ ಹುಡುಗರ ಜೊತೆ. ಎಲ್ಲವೂ ಕನ್ನಡದಲ್ಲೇ ನಡೆಯುತ್ತದೆ.

ಕೊನೆಗೆ ಆರು ಸಾಲು ಉಳಿದವು. ಎಂಟಕ್ಕಿಂತ ಹೆಚ್ಚು ಬೇಡ.

2. ತೂಕ: ನೂರನ್ನು ಹಂಚಿ

ಕೆಲಸ ಒಂದು ತಿಂಗಳು ಕೆಟ್ಟರೆ ನಷ್ಟವೆಷ್ಟು ಎಂಬುದೇ ಅಳತೆ. ಅರ್ಜಿಗಳನ್ನು ತೆರೆಯುವ ಮುಂಚೆ ಹಂಚಿ, ತಾರೀಖು ಹಾಕಿ, ಮಾಲೀಕರಿಂದ ಸಹಿ ಮಾಡಿಸಿ. ಅರ್ಜಿ ನೋಡಿದ ಮೇಲೆ ತೂಕ ಬದಲಿಸಿದರೆ ಇಷ್ಟವಾದವರ ಕಡೆಗೆ ತಕ್ಕಡಿ ವಾಲುತ್ತದೆ.

3. ಅಂಕದ ಅರ್ಥ ಬರೆಯುವುದು

ಕೆಡುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ಹತ್ತಕ್ಕೆ ಅಂಕ ಕೊಡಬೇಡಿ. ಆರಕ್ಕೂ ಏಳಕ್ಕೂ ಏನು ವ್ಯತ್ಯಾಸವೆಂದು ಕೇಳಿದರೆ ಯಾರೂ ಹೇಳಲಾರರು. ನನ್ನದು 0ಯಿಂದ 3ರವರೆಗೆ, ಅಷ್ಟೇ. 0 ಅಂದರೆ ಗೊತ್ತಿಲ್ಲ, 1 ಅಂದರೆ ಪಕ್ಕದಲ್ಲಿ ಯಾರಾದರೂ ಇದ್ದರೆ ಮಾಡುತ್ತಾರೆ, 2 ಅಂದರೆ ಒಬ್ಬರೇ ಸರಿಯಾಗಿ ಮುಗಿಸುತ್ತಾರೆ, 3 ಅಂದರೆ ಬೇರೆಯವರ ತಪ್ಪನ್ನೂ ಹಿಡಿದು ಮುಂದೇನು ಮಾಡಬೇಕೆಂದು ಹೇಳುತ್ತಾರೆ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಪ್ರಯೋಜನವಿಲ್ಲ. ಪ್ರತಿ ಸಾಲಿಗೂ ಕಣ್ಣಿಗೆ ಕಾಣುವ ಗುರುತು ಬೇಕು, ಅದಕ್ಕೆ ಪುಟ್ಟದೊಂದು ಪರೀಕ್ಷೆ ಬೇಕು.

ಜಿಎಸ್‌ಟಿ ಸಾಲಿಗೆ ನಾವು ಮಾಡಿದ್ದು ಹೀಗೆ. ಹೆಸರು ಬದಲಿಸಿದ ಹನ್ನೆರಡು ಖರೀದಿ ಬಿಲ್ಲುಗಳು, ಲೆಡ್ಜರ್‌ನ ಪ್ರತಿ, ಒಂದು 2ಬಿ ಪಟ್ಟಿ. ಲೆಡ್ಜರ್ ಪ್ರಕಾರ ತೆರಿಗೆ ಕ್ರೆಡಿಟ್ 86,400 ರೂಪಾಯಿ. ಒಳಗೆ ಮೂರು ತೊಡಕುಗಳನ್ನು ಇಟ್ಟಿದ್ದೆವು. ಉಕ್ಕಿನ ವ್ಯಾಪಾರಿಯ ಒಂದು ಬಿಲ್ಲು, ತೆರಿಗೆ 9,000, 2ಬಿಯಲ್ಲಿ ಇರಲೇ ಇಲ್ಲ. ಇನ್ನೊಂದು ಬಿಲ್ಲಿನಲ್ಲಿ ತೆರಿಗೆ 4,500 ಇದ್ದದ್ದು ಲೆಡ್ಜರ್‌ನಲ್ಲಿ 5,400 ಎಂದು ಅಂಕಿ ಅದಲುಬದಲಾಗಿತ್ತು. ಮೂರನೆಯದು ಆಯುಧಪೂಜೆಯ ದಿನ ಕಾರ್ಮಿಕರಿಗೆ ಹೋಟೆಲಿನಿಂದ ತರಿಸಿದ ಊಟದ ಬಿಲ್ಲು, ತೆರಿಗೆ 400. ಅದು ಲೆಡ್ಜರ್‌ನಲ್ಲೂ ಇದೆ, 2ಬಿಯಲ್ಲೂ ಇದೆ, ಆದರೆ ಇಂಥ ಊಟಕ್ಕೆ ಕಾನೂನಿನಲ್ಲಿ ಕ್ರೆಡಿಟ್ ಇಲ್ಲ.

ಈ ತಿಂಗಳು ಎಷ್ಟು ಕ್ರೆಡಿಟ್ ತೆಗೆದುಕೊಳ್ಳಬಹುದು ಎಂಬುದು ಪ್ರಶ್ನೆ. 86,400 ಎಂದವರಿಗೆ 0. 2ಬಿಯ ಮೊತ್ತವಾದ 76,500 ಬರೆದವರಿಗೆ 1, ಏಕೆಂದರೆ ಅವರು ಪೋರ್ಟಲ್ ನೋಡಿದರು, ಬಿಲ್ಲು ನೋಡಲಿಲ್ಲ. ಊಟದ 400 ಕಳೆದು 76,100 ಎಂದವರಿಗೆ 2. ಅದರ ಜೊತೆಗೆ ಉಕ್ಕಿನ ವ್ಯಾಪಾರಿಗೆ ಫೋನ್ ಮಾಡಿ ‘ಜಿಎಸ್‌ಟಿಆರ್-1 ಹಾಕಿದ್ದೀರಾ, ನಮ್ಮ ಜಿಎಸ್‌ಟಿ ನಂಬರ್ ಸರಿಯಾಗಿ ಕೊಟ್ಟಿದ್ದೀರಾ’ ಎಂದು ವಿಚಾರಿಸಬೇಕು, ಅಲ್ಲಿಯವರೆಗೆ ತೆರಿಗೆಯಷ್ಟು ದುಡ್ಡು ತಡೆಯಬೇಕು ಎಂದು ಬರೆದವರಿಗೆ 3. ಈಗ ಅಂಕ ಕೊಡುವವರು ಯಾರೇ ಆಗಲಿ, ಉತ್ತರ ನೋಡಿದರೆ ಮನೆ ತುಂಬುತ್ತದೆ.

ಬ್ಯಾಂಕ್ ತಾಳೆಗೂ ಹಾಗೆಯೇ. ಒಂದು ತಿಂಗಳ ಸ್ಟೇಟ್‌ಮೆಂಟ್, ಅದರಲ್ಲಿ ಇನ್ನೂ ಪಾಸಾಗದ ಒಂದು ಚೆಕ್, ಪುಸ್ತಕದಲ್ಲಿ ಬರೆಯದ ಬ್ಯಾಂಕ್ ಶುಲ್ಕ, ಎರಡು ಸಲ ಎಂಟ್ರಿಯಾದ ಒಂದು ಪಾವತಿ. ಜೊತೆಗೆ ಒಬ್ಬ ಗಿರಾಕಿಯ ಹಣ ಇನ್ನೊಬ್ಬನ ಖಾತೆಗೆ ಹೋಗಿರಲಿ. ಇದರಿಂದ ಬ್ಯಾಂಕ್ ಬಾಕಿಯಲ್ಲಿ ವ್ಯತ್ಯಾಸವೇ ಬಾರದು. ಮೊತ್ತ ಕೂಡಿತೆಂದು ನಿಲ್ಲಿಸುವವರಿಗೆ ಕಾಣುವುದಿಲ್ಲ, ಸಾಲು ಸಾಲಾಗಿ ಹೆಸರು ನೋಡುವವರಿಗೆ ಮಾತ್ರ ಸಿಗುತ್ತದೆ. 3 ಅಂಕ ಅವರಿಗೆ.

ಎರಡು ಪರೀಕ್ಷೆಗೂ ಸೇರಿ ಒಂದೂವರೆ ಗಂಟೆ ಕೊಡಿ. ಪ್ರಶ್ನೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇರಲಿ, ಎಲ್ಲರಿಗೂ ಒಂದೇ ಕಾಗದ, ಒಂದೇ ಸಮಯ. ಟ್ಯಾಲಿ ಕೋರ್ಸಿನ ಸರ್ಟಿಫಿಕೇಟಿಗೆ ಅಂಕ ಬೇಡ. ಅದು ಪರೀಕ್ಷೆಗೆ ಕರೆಯಲು ಸಾಕು, ಮನೆ ತುಂಬಲು ಸಾಲದು. ನಿಮ್ಮ ಬಾಕಿ ಉಳಿದ ನಿಜವಾದ ಲೆಕ್ಕವನ್ನೇ ಪರೀಕ್ಷೆಯೆಂದು ಕೊಟ್ಟು ಬಿಟ್ಟಿ ಕೆಲಸ ಮಾಡಿಸಿಕೊಳ್ಳುವವರನ್ನೂ ಕಂಡಿದ್ದೇನೆ. ಅದು ಅನ್ಯಾಯ, ಜೊತೆಗೆ ಸರಿಯುತ್ತರ ನಿಮಗೇ ಗೊತ್ತಿಲ್ಲದ ಪರೀಕ್ಷೆಯಾಗುತ್ತದೆ.

4. ಕನಿಷ್ಠ ಮಟ್ಟದ ಕಂಬಸಾಲು

ಒಟ್ಟು ಅಂಕ ಒಂದನ್ನೇ ನಂಬಿದರೆ ದೊಡ್ಡ ಕೊರತೆಯೊಂದು ಉಳಿದ ಐದರ ಅಡಿ ಮುಚ್ಚಿಹೋಗುತ್ತದೆ. ಆದ್ದರಿಂದ ತೂಕದ ಪಕ್ಕದಲ್ಲಿ ‘ಇದಕ್ಕಿಂತ ಕಮ್ಮಿ ಆಗದು’ ಎಂಬ ಮಟ್ಟ ಬರೆಯಿರಿ. ಸೇರಿದ ಮೊದಲ ತಿಂಗಳಲ್ಲೇ ಒಬ್ಬರೇ ಮಾಡಬೇಕಾದ ಕೆಲಸಕ್ಕೆ 2, ಒಳಗೆ ಕಲಿಸಲು ಜನರಿರುವ ಕೆಲಸಕ್ಕೆ 1.

5. ಅಂಕ ಹಾಕುವುದು

ಇಬ್ಬರು ಬೇರೆ ಬೇರೆ ಹಾಕಿ, ಆಮೇಲೆ ಹೋಲಿಸಿ. ಒಬ್ಬ ಅಭ್ಯರ್ಥಿಯ ಆರೂ ಕೆಲಸಗಳನ್ನು ಒಟ್ಟಿಗೆ ನೋಡಬೇಡಿ. ಮೊದಲು ಎಲ್ಲರ ಜಿಎಸ್‌ಟಿ, ಆಮೇಲೆ ಎಲ್ಲರ ಬ್ಯಾಂಕ್ ತಾಳೆ. ಒಂದರಲ್ಲಿ ಮೆಚ್ಚಿದವರಿಗೆ ಮುಂದಿನದರಲ್ಲೂ ಕೈ ಧಾರಾಳವಾಗುವುದನ್ನು ಇದು ತಡೆಯುತ್ತದೆ. ಉತ್ತರ ಪತ್ರಿಕೆಯಲ್ಲಿ ಹೆಸರಿನ ಬದಲು ನಂಬರ್ ಇರಲಿ. ಹೆಣ್ಣುಮಕ್ಕಳನ್ನು ‘ಮದುವೆ ಯಾವಾಗಮ್ಮ, ಆಮೇಲೆ ಕೆಲಸ ಬಿಡ್ತೀಯಾ’ ಎಂದು ಕೇಳುವುದನ್ನು ಎಷ್ಟೋ ಕಡೆ ಕೇಳಿದ್ದೇನೆ. ಪಟ್ಟಿಯಲ್ಲಿ ಅದಕ್ಕೆ ಸಾಲಿಲ್ಲ, ಸಂದರ್ಶನದಲ್ಲಿ ಜಾಗವೂ ಇಲ್ಲ. ಹಳೆಯ ಕಡೆ ಹಣಕಾಸಿನಲ್ಲಿ ತಕರಾರು ಇತ್ತೇ ಎಂಬ ವಿಚಾರಣೆಗೂ ಅಂಕವಿಲ್ಲ. ಅದು ಹೌದು ಅಥವಾ ಇಲ್ಲ, ಅಷ್ಟೇ.

ಪೀಣ್ಯದಲ್ಲಿ ಕೊನೆಗೆ ಉಳಿದ ಮೂವರ ಪಟ್ಟಿ ಹೀಗಿತ್ತು:

| ಕೆಲಸ | ತೂಕ | ಕನಿಷ್ಠ | 1 | 2 | 3 |
|---|---|---|---|---|---|
| 2ಬಿ ತಾಳೆ, 3ಬಿ | 30 | 2 | 1 | 3 | 2 |
| ಬ್ಯಾಂಕ್ ತಾಳೆ | 25 | 2 | 3 | 2 | 1 |
| ಟಿಡಿಎಸ್, ಪಿಎಫ್, ಇಎಸ್ಐ | 15 | 1 | 3 | 3 | 2 |
| ಜಾಬ್ ವರ್ಕ್ ಚಲನ್ | 15 | 1 | 3 | 1 | 0 |
| ಬಾಕಿ ವಸೂಲಿ | 10 | 1 | 3 | 1 | 2 |
| ತಿಂಗಳ ವರದಿ | 5 | 0 | 3 | 2 | 3 |

ಕೆಲಸಗಳು A ಕಾಲಂನಲ್ಲಿ, ತೂಕ B, ಕನಿಷ್ಠ C, ಅಭ್ಯರ್ಥಿಗಳು Dಯಿಂದ ಶುರು ಎಂದಿಟ್ಟುಕೊಂಡರೆ ಮೊದಲ ಸೂತ್ರ ಒಟ್ಟು ಅಂಕ ಕೊಡುತ್ತದೆ, ಎರಡನೆಯದು ಎಷ್ಟು ಕಡೆ ಕನಿಷ್ಠ ಮುಟ್ಟಿಲ್ಲ ಎಂದು ಎಣಿಸುತ್ತದೆ:

```
=SUMPRODUCT($B$2:$B$7,D2:D7)
=SUMPRODUCT(--(D2:D7<$C$2:$C$7))
```

ಮೂವರ ಒಟ್ಟು 240, 220, 150. ಕೊರತೆ ಕ್ರಮವಾಗಿ ಒಂದು, ಸೊನ್ನೆ, ಎರಡು. ಒಂದನೆಯವರು ಹನ್ನೆರಡು ವರ್ಷ ಕಾರ್ಖಾನೆಗಳಲ್ಲೇ ಲೆಕ್ಕ ಬರೆದವರು. ಅವರ ರಿಟರ್ನ್ ಕೆಲಸವೆಲ್ಲ ಬೇರೆಯವರ ಕೈಯಲ್ಲಿತ್ತು, ಉತ್ತರ 76,500. ಎರಡನೆಯವರು ಆಡಿಟರ್ ಕಚೇರಿಯಲ್ಲಿ ಐದು ವರ್ಷ ದುಡಿದ ಹೆಣ್ಣುಮಗಳು. ಹಿಂದಿನ ಪದ್ಧತಿಯಲ್ಲಿ ಮಾಲೀಕರು ಆರಿಸುತ್ತಿದ್ದದ್ದು ಮೂರನೆಯವರನ್ನು. ಮಾತು ಅಷ್ಟು ಸೊಗಸಾಗಿತ್ತು.

240 ಬಂದವರನ್ನು ಬಿಡುವುದು ಹೇಗೆ ಎಂದು ಮಾಲೀಕರು ಕೇಳಿದರು. ಆ ಕಚೇರಿಯಲ್ಲಿ 14ರಿಂದ 20ರ ನಡುವೆ ಜಿಎಸ್‌ಟಿ ಹೇಳಿಕೊಡುವವರು ಯಾರೂ ಇಲ್ಲ, ಚಲನ್ ಹೇಳಿಕೊಡಲು ಸ್ಟೋರ್ಸ್‌ನ ಹಿರಿಯರಿದ್ದಾರೆ ಎಂದು ಪಟ್ಟಿಯನ್ನೇ ತೋರಿಸಿದೆ. 2ಬಿ ತಾಳೆಯನ್ನೂ ಆಡಿಟರ್ ಕಚೇರಿಯೇ ಮಾಡುವಂತಿದ್ದರೆ ಆ ಸಾಲಿನ ತೂಕವೂ ಕನಿಷ್ಠವೂ ಮೊದಲೇ ಇಳಿದಿರುತ್ತಿದ್ದವು, ಒಂದನೆಯವರೇ ಬರುತ್ತಿದ್ದರು. ಅಂಥ ಏರ್ಪಾಡು ಇಲ್ಲಿರಲಿಲ್ಲ. ಎರಡನೆಯವರು ಸೇರಿದರು, ಮೊದಲ ಎರಡು ವಾರ ದಿನಕ್ಕೊಂದು ಗಂಟೆ ಸ್ಟೋರ್ಸ್‌ನಲ್ಲಿ ಕೂತರು.

6. ಪಟ್ಟಿಯನ್ನು ಇಟ್ಟುಕೊಳ್ಳಿ

ಮೂರು ತಿಂಗಳಾದ ಮೇಲೆ ಸೇರಿದವರಿಗೆ ಅದೇ ಆರು ಸಾಲಿನಲ್ಲಿ ಮತ್ತೆ ಅಂಕ ಹಾಕಿ. ಇಲ್ಲಿ ಚಲನ್ 1ರಿಂದ 2ಕ್ಕೆ ಬಂದಿತ್ತು. ವಸೂಲಿ 1ರಲ್ಲೇ ಇತ್ತು, ಆ ಕೆಲಸವನ್ನು ಮಾಲೀಕರ ತಮ್ಮ ವಹಿಸಿಕೊಂಡರು. ಪರೀಕ್ಷೆಯಲ್ಲಿ 3 ಬಂದ ಕಡೆ ಕೆಲಸದಲ್ಲಿ 1 ಕಂಡರೆ ತಿದ್ದಬೇಕಾದ್ದು ಆ ಪರೀಕ್ಷೆಯನ್ನು.

ಆಯ್ಕೆಯಾಗದವರಿಗೂ ಫೋನ್ ಮಾಡಿ, ಯಾವ ಸಾಲಿನಲ್ಲಿ ಕಮ್ಮಿಯಾಯಿತೆಂದು ಹೇಳಿ. ಒಂದನೆಯವರಿಗೆ ನಾನೇ ಮಾಡಿದ್ದೆ. ಊಟದ ಬಿಲ್ಲಿನ ವಿಷಯ ಹೇಳಿದಾಗ, ‘ಸಾರ್, ಅದು 2ಬಿಯಲ್ಲಿ ಇತ್ತಲ್ಲ?’ ಎಂದರು. ಇದ್ದರೂ ಏಕೆ ಬಿಡಬೇಕೆಂದು ಹತ್ತು ನಿಮಿಷ ಮಾತಾಡಿದೆವು.