ಬರೀ ಗ್ರಾಫ್ ನೋಡಿದರೆ ಸಾಲದು, ನಿದ್ದೆಯನ್ನೂ ನೋಡಬೇಕು

ಮಂಗಳೂರಿನ ಒಂದು ಸ್ಲೀಪ್ ಲ್ಯಾಬ್‌ನಲ್ಲಿ ನಾನು ಟೆಕ್ನಿಷಿಯನ್. ಜಾಸ್ತಿ ಬರುವುದು ಗೊರಕೆಯವರೇ. ಅಪರೂಪಕ್ಕೊಮ್ಮೆ ಚೀಟಿಯಲ್ಲಿ 'ಎನ್‌ಪಿಟಿ' ಅಂತ ಬರೆದಿರುತ್ತದೆ. ನಿದ್ದೆಯಲ್ಲಿ ಶಿಶ್ನ ಎಷ್ಟು ಸಲ ನಿಮಿರುತ್ತದೆ, ಎಷ್ಟು ಗಟ್ಟಿಯಾಗುತ್ತದೆ, ಎಷ್ಟು ಹೊತ್ತು ಹಾಗೇ ಇರುತ್ತದೆ ಅಂತ ಅಳೆಯುವ ಪರೀಕ್ಷೆ ಅದು.

ಆರೋಗ್ಯವಂತ ಗಂಡಸರಿಗೆ ರಾತ್ರಿ ಸುಮಾರು 3ರಿಂದ 5 ಸಲ ಹೀಗಾಗುತ್ತದೆ, ಅದೂ ಹೆಚ್ಚಾಗಿ ಕನಸು ಬೀಳುವ ರೆಮ್ ನಿದ್ದೆಯಲ್ಲಿ. ಕನಸು ಯಾವುದಾದರೂ ಇರಲಿ. ಎಚ್ಚರವಿದ್ದಾಗ ಆಗುವುದಿಲ್ಲ, ನಿದ್ದೆಯಲ್ಲಿ ಚೆನ್ನಾಗಿ ಆಗುತ್ತದೆ ಅಂದರೆ ರಕ್ತನಾಳ, ನರ ಬಹುಶಃ ಸರಿ ಇವೆ, ಕಾರಣವನ್ನು ಮನಸ್ಸಿನ ಕಡೆ ಹುಡುಕಬೇಕು.

ಉಡುಪಿ ಕಡೆಯ ಒಬ್ಬರು ಬಂದಿದ್ದರು. ನಲವತ್ತು ದಾಟಿದ, ದಪ್ಪ ಮೈಯ, ಶುಗರ್ ಇರುವ ಮನುಷ್ಯ. ಬೇರೆ ಕಡೆಯಿಂದ ಮೆಷಿನ್ ಮನೆಗೆ ಒಯ್ದು ಕಟ್ಟಿಕೊಂಡು ಮಲಗಿದ್ದರಂತೆ, ಗ್ರಾಫ್ ಪೂರ್ತಿ ಚಪ್ಪಟೆ. "ಶುಗರ್‌ನಿಂದ ನರ ಹೋಯ್ತು ಅಂತ ಕಾಣ್ತದೆ ಮಾರಾಯ್ರೆ" ಅಂದರು.

ನಮ್ಮಲ್ಲಿ ಎರಡು ಬಳೆ ಹಾಕುತ್ತೇವೆ, ಒಂದು ಬುಡಕ್ಕೆ, ಒಂದು ತುದಿಗೆ. ಅವು ಸುತ್ತಳತೆ ನೋಡುತ್ತಾ ಆಗಾಗ ಮೆಲ್ಲಗೆ ಬಿಗಿದು ಗಟ್ಟಿತನವನ್ನೂ ಅಳೆಯುತ್ತವೆ. ತೊಡೆಗೆ ಸಣ್ಣ ಪೆಟ್ಟಿಗೆ. ಇದರ ಜೊತೆ ತಲೆಗೆ, ಕಣ್ಣಿನ ಪಕ್ಕಕ್ಕೆ, ಗದ್ದಕ್ಕೆ ವೈರು, ಮೂಗಿಗೆ ಗಾಳಿಯ ಸೆನ್ಸರ್, ಬೆರಳಿಗೆ ಆಕ್ಸಿಜನ್ ಕ್ಲಿಪ್. ಸುಮ್ನೆ ಬಳೆ ಮಾತ್ರ ಹಾಕಿದರೆ ಆ ಮನುಷ್ಯ ನಿದ್ದೆ ಮಾಡಿದರೋ ಇಲ್ಲವೋ ಗೊತ್ತಾಗುವುದೇ ಇಲ್ಲ ಅಲ್ವಾ?

ಪಕ್ಕದ ರೂಮಿನ ಸ್ಕ್ರೀನ್‌ನಲ್ಲಿ ವಿಷಯ ಬೇಗ ಗೊತ್ತಾಯಿತು. ರೆಮ್ ಶುರುವಾಗುತ್ತಿದ್ದಂತೆ ಉಸಿರು ಕಟ್ಟುತ್ತಿತ್ತು, ಆಕ್ಸಿಜನ್ ಇಳಿಯುತ್ತಿತ್ತು, ಮಿದುಳು ಎಚ್ಚರಾಗುತ್ತಿತ್ತು, ಮತ್ತೆ ಮೊದಲಿನಿಂದ ಶುರು. ಬಳೆಯ ಗೆರೆ ಒಂದೆರಡು ಸಲ ಏರಲು ನೋಡಿ ಕುಸಿಯಿತು. ರೆಮ್ಮೇ ಸರಿಯಾಗಿ ಇಲ್ಲದ ರಾತ್ರಿಯನ್ನು ನೋಡಿ ನರ ಹೋಗಿದೆ ಅಂತ ಹೇಳಲಾಗದು. ಹೊಸ ಜಾಗದಲ್ಲಿ ಮೊದಲ ರಾತ್ರಿ ನಿದ್ದೆ ಕೆಡುವುದೂ ಇದೆ, ಅದಕ್ಕೇ ಈ ಪರೀಕ್ಷೆಯನ್ನು ಸಾಮಾನ್ಯವಾಗಿ ಎರಡು ಮೂರು ರಾತ್ರಿ ಮಾಡುತ್ತಾರೆ.

ಡಾಕ್ಟರು ಮೊದಲು ಸಿಪ್ಯಾಪ್ ಕೊಟ್ಟರು, ಗಾಳಿ ಒತ್ತಿ ನಿದ್ದೆಯಲ್ಲಿ ಉಸಿರಿನ ದಾರಿ ತೆರೆದಿಡುವ ಮಾಸ್ಕ್ ಅದು. ಮಾಸ್ಕ್ ಒಗ್ಗಿದ ಮೇಲೆ ಮತ್ತೆ ಕರೆಸಿ ಅಳೆದೆವು. ಉದ್ದುದ್ದ ರೆಮ್ ಬಂತು, ಜೊತೆಗೆ ನಾಲ್ಕು ಸಲ ನಿಮಿರಿತು. ತುದಿಯಲ್ಲಿ ಕನಿಷ್ಠ 60 ಶೇಕಡಾ ಗಟ್ಟಿತನ 10 ನಿಮಿಷವಾದರೂ ನಿಂತರೆ ಸಾಮಾನ್ಯ ಅಂತ ಲೆಕ್ಕ. ಅವರದು ಒಂದು ಸಲ ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ನಿಂತಿತು. ಶಿಶ್ನದೊಳಗೆ ಕೃತಕ ಸಾಧನ ಕೂರಿಸುವ ಇಂಪ್ಲಾಂಟ್ ಆಪರೇಷನ್‌ನ ಮಾತೂ ಇತ್ತು, ಅದು ಅಲ್ಲಿಗೆ ನಿಂತು, ಗಂಡ ಹೆಂಡತಿ ಇಬ್ಬರನ್ನೂ ಕೌನ್ಸೆಲಿಂಗ್‌ಗೆ ಕಳಿಸಿದರು.

ಈಗ ಎಲ್ಲರಿಗೂ ಇದು ಬೇಕಿಲ್ಲ. 1998ರಲ್ಲಿ ಸಿಲ್ಡೆನಾಫಿಲ್, ಅಂದರೆ ವಯಾಗ್ರ ಮಾತ್ರೆ ಬಂದ ಮೇಲೆ ಹೆಚ್ಚಿನ ಡಾಕ್ಟರುಗಳು ಮೊದಲು ಮಾತ್ರೆ ಕೊಟ್ಟು ನೋಡುತ್ತಾರೆ, ರಕ್ತದ ಹರಿವು ನೋಡಲು ಡಾಪ್ಲರ್ ಸ್ಕ್ಯಾನ್ ಇದೆ. ಕಾರಣ ದೇಹದ್ದೋ ಮನಸ್ಸಿನದ್ದೋ ತಿಳಿಯದಾಗ, ಆಪರೇಷನ್‌ಗೆ ಮುಂಚೆ, ಇಲ್ಲವೇ ಕೋರ್ಟ್ ಕೇಸಿನಲ್ಲಿ ಎನ್‌ಪಿಟಿ ಕೇಳುತ್ತಾರೆ. ಇದಕ್ಕೂ ಮಿತಿಯಿದೆ. ಸ್ಪರ್ಶದ ನರ ಕೆಟ್ಟವರಲ್ಲಿ ರಾತ್ರಿಯ ಗ್ರಾಫ್ ಚೆನ್ನಾಗಿದ್ದರೂ ಎಚ್ಚರದಲ್ಲಿ ತೊಂದರೆ ಇರಬಹುದು. ಖಿನ್ನತೆಯ ಎಷ್ಟೋ ಮಾತ್ರೆಗಳು ರೆಮ್ ಕಡಿಮೆ ಮಾಡುತ್ತವೆ, ಕುಡಿದು ಮಲಗಿದರೂ ಅಷ್ಟೇ. ಹಾಗಾಗಿ ಬರುವವರು ತಾವು ತಿನ್ನುವ ಮಾತ್ರೆಗಳ ಚೀಟಿ ತನ್ನಿ, ನೀವಾಗಿಯೇ ಯಾವುದನ್ನೂ ನಿಲ್ಲಿಸಿಕೊಂಡು ಬರಬೇಡಿ.